ಗಾಣ ಹಾಕುವ ಮುನ್ನ ಗಿರಾಕಿಯನ್ನು ಎಣಿಸಿ

ಪ್ರಶ್ನೆ: ತುಮಕೂರಿನಲ್ಲಿ ಖಾಸಗಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಹಿರಿಯೂರಿಗೆ ಹೋಗುತ್ತೇನೆ. ಅಲ್ಲಿ ಶೇಂಗಾ ಎಣ್ಣೆಯ ಗಾಣ ಹಾಕುವ ಆಸೆ. ಕೈಯಲ್ಲಿರುವುದು 4 ಲಕ್ಷ ರೂಪಾಯಿ. ಕೇಳಿದವರೆಲ್ಲ ‘ಖಂಡಿತ ತಗೊಳ್ತೀವಿ’ ಅನ್ನುತ್ತಾರೆ. ಕೆಲಸ ಬಿಡಬಹುದೇ?

ಉತ್ತರ: ‘ತಗೊಳ್ತೀವಿ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮೆದುರು ನಿಂತು ಬೇಡವೆನ್ನುವ ದಾಕ್ಷಿಣ್ಯಗೇಡಿಗಳು ನಮ್ಮ ಊರುಗಳಲ್ಲಿ ಕಡಿಮೆ.

ಮೊದಲು ಎಷ್ಟು ಮನೆ ಬೇಕೆಂದು ತಿಳಿಯಬೇಕು. ಬಾಡಿಗೆ, ಒಬ್ಬ ಆಳಿನ ಸಂಬಳ ಮತ್ತು ಇತರ ಖರ್ಚಿಗೆ ತಿಂಗಳಿಗೆ 30,000 ರೂಪಾಯಿ, ನಿಮ್ಮ ಸಂಸಾರಕ್ಕೆ 25,000 ಎಂದಿಟ್ಟುಕೊಳ್ಳೋಣ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹೆಚ್ಚು ಕಡಿಮೆ ಎರಡೂವರೆ ಕಿಲೋ ಕಾಳು ಬೇಕು. ಕಾಳು ಮತ್ತು ಬಾಟಲಿಯ ವೆಚ್ಚ ಕಳೆದು, ಹಿಂಡಿ ಮಾರಿದ ಹಣ ಸೇರಿಸಿ ಲೀಟರಿಗೆ 60 ರೂಪಾಯಿ ಉಳಿದರೆ, ತಿಂಗಳಿಗೆ ಸುಮಾರು 917 ಲೀಟರ್ ಮಾರಬೇಕಾಗುತ್ತದೆ. ಮನೆಗೆ ಎರಡು ಲೀಟರಿನಂತೆ, ತಪ್ಪದೆ ಕೊಳ್ಳುವ 460 ಮನೆಗಳು.

ಇದನ್ನು ಪರೀಕ್ಷಿಸಲು ಯಂತ್ರ ಬೇಕಿಲ್ಲ. ಈಗಾಗಲೇ ನಡೆಯುತ್ತಿರುವ ಗಾಣದಲ್ಲಿ ಕೂಲಿ ಕೊಟ್ಟು ಕಾಳು ಆಡಿಸಿ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, ಚೀಟಿ ಅಂಟಿಸಿದ ಬಾಟಲಿಯಲ್ಲಿಯೇ ಮಾರಿ; ಖಾದ್ಯ ತೈಲವನ್ನು ಬಿಡಿಯಾಗಿ ಅಳೆದು ಕೊಡುವಂತಿಲ್ಲ. ನೌಕರಿಯ ಕರಾರಿನಲ್ಲಿ ಬೇರೆ ವ್ಯಾಪಾರಕ್ಕೆ ತಡೆಯಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ನೆಂಟರಲ್ಲದ, ಸಹೋದ್ಯೋಗಿಗಳೂ ಅಲ್ಲದ 40 ಮನೆಗಳಿಗೆ, ಮುಂದೆ ಅಂಗಡಿಯಲ್ಲಿ ಇಡುವ ಬೆಲೆಗೇ, ಸಾಲವಿಲ್ಲದೆ ಮಾರಿ. ಪರಿಚಯದ ರಿಯಾಯಿತಿ ಕೊಟ್ಟರೆ ನೀವು ಅಳೆಯುವುದು ರಿಯಾಯಿತಿಯ ಬೇಡಿಕೆಯನ್ನೇ ಹೊರತು ಎಣ್ಣೆಯದನ್ನಲ್ಲ. ಪ್ರತಿ ಮನೆಯ ಹೆಸರಿನ ಮುಂದೆ ಕೊಂಡ ತಾರೀಖು ಬರೆದಿಡಿ. ಮೊದಲ ಬಾಟಲಿ ಕುತೂಹಲಕ್ಕೆ ಹೋಗುತ್ತದೆ. ನೀವು ನೆನಪಿಸದೆ ಅವರೇ ಫೋನ್ ಮಾಡಿ ಕೇಳುವ ಎರಡನೆಯ ಮತ್ತು ಮೂರನೆಯ ಬಾಟಲಿಯೇ ನಿಜವಾದ ಬೇಡಿಕೆ. ಒಂದು ಬಾಟಲಿ ತೀರಲು ವಾರಗಳೇ ಹಿಡಿಯುವುದರಿಂದ ಮೂರು ತಿಂಗಳಿಗಿಂತ ಮೊದಲು ಏನೂ ತಿಳಿಯದು. ದೀಪಾವಳಿಯ ತಿಂಗಳ ಮಾರಾಟವನ್ನು ಸೇರಿಸಲೇಬೇಡಿ.

ಮತ್ತೆ ಬಾರದವರ ಮನೆಗೆ ಹೋಗಿ ಕಾರಣ ಕೇಳಿ. ತಳದಲ್ಲಿ ಗಸಿ ನಿಂತಿತು, ಕರಿಯುವಾಗ ನೊರೆ ಬಂತು ಎಂದರೆ ಎಣ್ಣೆಯನ್ನು ಇನ್ನಷ್ಟು ದಿನ ತಿಳಿಯಾಗಲು ಬಿಟ್ಟು, ಸೋಸಿ ಸರಿಪಡಿಸಬಹುದು. ‘ಚೆನ್ನಾಗಿದೆ, ಆದರೆ ದುಬಾರಿ’ ಎಂಬುದಕ್ಕೆ ಅಂಥ ಸುಲಭದ ಮದ್ದಿಲ್ಲ.

ಮೂರನೆಯ ತಿಂಗಳಲ್ಲಿ 40ರಲ್ಲಿ 12 ಮನೆ ಉಳಿದವೆನ್ನಿ. ಆಗ 460 ಖಾಯಂ ಗಿರಾಕಿಗಳಿಗಾಗಿ ಸುಮಾರು 1,500 ಮನೆಗಳಿಗೆ ಮೊದಲ ಬಾಟಲಿ ಮುಟ್ಟಿಸಬೇಕು. ಹಿರಿಯೂರಿನಂಥ ಊರಿನಲ್ಲಿ ಅದು ಅಸಾಧ್ಯವಲ್ಲ, ಆದರೆ ಒಂದೆರಡು ತಿಂಗಳ ಕೆಲಸವೂ ಅಲ್ಲ. ಬರೀ ನಾಲ್ಕೈದು ಮನೆ ಉಳಿದರೆ ಈ ಯೋಚನೆಯನ್ನು ಕೈಬಿಡುವುದೇ ಲೇಸು.

ಯಂತ್ರ ಮತ್ತು ಅಂಗಡಿಯ ಮುಂಗಡಕ್ಕೆ 2.5 ಲಕ್ಷ ಹೋದರೆ ನಿಮ್ಮಲ್ಲಿ 1.5 ಲಕ್ಷ ಉಳಿಯುತ್ತದೆ. ಕೂಲಿಗೆ ಆಡಿಸಿಯೇ ತಿಂಗಳಿಗೆ 450 ಲೀಟರ್ ಮಾರಾಟ ಸ್ಥಿರವಾದ ಮೇಲೆ ಕೆಲಸ ಬಿಟ್ಟು ಗಾಣ ಹಾಕಿದಿರಾದರೆ, ಕೊರತೆ ತಿಂಗಳಿಗೆ 28,000 ರೂಪಾಯಿ. ಉಳಿತಾಯ ಐದು ತಿಂಗಳು ತಡೆಯುತ್ತದೆ. ಮಾರಾಟ ಆ 450 ಲೀಟರ್ ಮುಟ್ಟುವ ಮೊದಲು ರಾಜೀನಾಮೆ ಬರೆಯಬೇಡಿ.