ಲ್ಯಾಕ್ ಒಪೆರಾನ್: ರಿಪ್ರೆಸರ್ ಬಿಟ್ಟ ಮೇಲೂ ಗ್ಲೂಕೋಸ್ ಲೆಕ್ಕ ಯಾಕೆ?

"ಲ್ಯಾಕ್ಟೋಸ್ ಇದ್ರೆ ರಿಪ್ರೆಸರ್ ಬಿಟ್ಟುಹೋಗುತ್ತೆ ಅಲ್ವಾ, ಮತ್ತೆ ಗ್ಲೂಕೋಸ್ ಕಡಿಮೆ ಇರಲೇಬೇಕು ಅಂತ ಯಾಕೆ?"

ಲ್ಯಾಕ್ ಒಪೆರಾನ್ ಅಂದರೆ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಬಳಸಲು ಬೇಕಾದ ಜೀನ್‌ಗಳ ಗುಂಪು. ರಿಪ್ರೆಸರ್ ಅನ್ನುವುದು ಡಿಎನ್‌ಎ ಮೇಲೆ ಕೂತು ಆ ಜೀನ್‌ಗಳ ಓದನ್ನು ತಡೆಯುವ ಪ್ರೋಟೀನ್. ಅದು ಹೋದರೆ ಅಡ್ಡಿ ತಪ್ಪುತ್ತದೆ, ಅಷ್ಟೇ. ಪಾಲಿಮರೇಸ್ ಬಂದು ಕೂರುವ ಡಿಎನ್‌ಎ ಭಾಗವಾದ ಪ್ರೊಮೋಟರ್ ಇಲ್ಲಿ ಮೂಲದಲ್ಲೇ ದುರ್ಬಲ. ಓದು ಶುರುವಾಗುವ ಕಡೆಯಿಂದ ಸುಮಾರು ಹತ್ತು ಅಕ್ಷರ ಹಿಂದಿರುವ ಅದರ -10 ಜಾಗದಲ್ಲಿ, ಆದರ್ಶ ಅನುಕ್ರಮವಾದ TATAAT ಬದಲು TATGTT ಇದೆ. ಹಾಗಾಗಿ ಜೀನ್ ಓದುವ ಆರ್‌ಎನ್‌ಎ ಪಾಲಿಮರೇಸ್ ಅಲ್ಲಿ ಸುಲಭವಾಗಿ ಕೆಲಸ ಶುರು ಮಾಡುವುದಿಲ್ಲ.

ಗ್ಲೂಕೋಸ್ ಮುಗಿಯುತ್ತಾ ಬಂದಾಗ ಇ. ಕೋಲಿಯಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಅಣು ಜಾಸ್ತಿಯಾಗಿ ಕ್ಯಾಪ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಆ ಕ್ಯಾಪ್ ಪ್ರೊಮೋಟರ್ ಪಕ್ಕದ ಡಿಎನ್‌ಎಯನ್ನು ಹಿಡಿದು ಬಗ್ಗಿಸುತ್ತದೆ, ಪಾಲಿಮರೇಸನ್ನು ಹತ್ತಿರ ಎಳೆದು ಕೂರಿಸುತ್ತದೆ. ಆಗಲೇ ಜೀನ್‌ಗಳು ಜೋರಾಗಿ ಓಡುವುದು.

ಇನ್ನೊಂದು ಮಾತು ನನಗೆ ತುಂಬಾ ಮುಖ್ಯ ಅನಿಸುತ್ತದೆ, ಪಾಠದಲ್ಲಿ ಇದನ್ನು ಸುಮ್ನೆ ದಾಟಿಬಿಡುತ್ತಾರೆ. ಗ್ಲೂಕೋಸ್ ಒಳಗೆ ಬರುತ್ತಿರುವಾಗ, ಅದನ್ನು ಸಾಗಿಸುವ ವ್ಯವಸ್ಥೆಯದೇ ಒಂದು ಪ್ರೋಟೀನ್, ಲ್ಯಾಕ್ಟೋಸನ್ನು ಒಳಗೆ ತರುವ ಲ್ಯಾಕ್ಟೋಸ್ ಪರ್ಮಿಯೇಸನ್ನು ತಡೆಯುತ್ತದೆ. ಹೊರಗೆ ಎಷ್ಟೇ ಲ್ಯಾಕ್ಟೋಸ್ ಇದ್ದರೂ ಒಳಗೆ ಬರುವುದು ತೀರಾ ಕಡಿಮೆ. ರಿಪ್ರೆಸರನ್ನು ಬಿಡಿಸುವುದು ಲ್ಯಾಕ್ಟೋಸಿನಿಂದ ಒಳಗೆ ತಯಾರಾಗುವ ಅಲೋಲ್ಯಾಕ್ಟೋಸ್. ಅದೇ ಸಾಕಷ್ಟಿಲ್ಲದಿದ್ದರೆ ರಿಪ್ರೆಸರ್ ಕೂಡ ಬಹುಪಾಲು ಅಲ್ಲೇ ಕೂತಿರುತ್ತದೆ.

ಎರಡೂ ಸಕ್ಕರೆ ಹಾಕಿ ಬೆಳೆಸಿದರೆ ಇದು ಗ್ರಾಫಿನಲ್ಲೇ ಕಾಣುತ್ತದೆ. ಫ್ರೆಂಚ್ ವಿಜ್ಞಾನಿ ಜಾಕ್ ಮೊನೊ 1940ರ ದಶಕದಲ್ಲೇ ಇದನ್ನು ವಿವರಿಸಿದ್ದರು: ಬೆಳವಣಿಗೆಯ ಗೆರೆ ಏರುತ್ತದೆ, ಗ್ಲೂಕೋಸ್ ಮುಗಿದಾಗ ಸ್ವಲ್ಪ ಹೊತ್ತು ಚಪ್ಪಟೆಯಾಗುತ್ತದೆ, ಲ್ಯಾಕ್ಟೋಸನ್ನು ಒಡೆಯುವ ಬೀಟಾ-ಗ್ಯಾಲಕ್ಟೋಸಿಡೇಸ್ ತಯಾರಾದ ಮೇಲೆ ಮತ್ತೆ ಏರುತ್ತದೆ.