ಟ್ಯಾಲಿ ಡೇಟಾ ಎಲ್ಲಿಡಬೇಕು, ಅಪ್‌ಗ್ರೇಡ್‌ಗೆ ಮುಂಚೆ ಏನು ಮಾಡಬೇಕು?

ಪ್ರಶ್ನೆ: ಅಂಗಡಿ ಕಂಪ್ಯೂಟರಿಗೆ ಟ್ಯಾಲಿಪ್ರೈಮ್ ಹಾಕ್ತಿದ್ದೀನಿ. ಡೇಟಾ ಫೋಲ್ಡರ್ ಯಾವುದು ಕೊಡಲಿ? ಹೊಸ ವರ್ಷನ್ ಹಾಕಿದರೆ ಹಳೇ ಲೆಕ್ಕ ಹೋಗುತ್ತಾ?

ಉತ್ತರ: ಸುಮ್ನೆ ಇನ್‌ಸ್ಟಾಲ್ ಒತ್ತಿಬಿಟ್ಟರೆ ಡೇಟಾ ಸಾಮಾನ್ಯವಾಗಿ `C:\Users\Public\TallyPrime\data` ಒಳಗೆ ಕೂರುತ್ತದೆ. ನಾಳೆ ಸಿಸ್ಟಮ್ ಕೆಟ್ಟು, ರಿಪೇರಿ ಹುಡುಗ C ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಲೆಕ್ಕವೂ ಜೊತೆಗೇ ಹೋಯಿತು. ಮೊದಲೇ `D:\TallyData` ಅಂತ ಫೋಲ್ಡರ್ ಮಾಡಿ, ಸೆಟಪ್‌ನಲ್ಲಿ ಡೇಟಾ ಜಾಗಕ್ಕೆ ಅದನ್ನೇ ಕೊಡಿ. ಅದರೊಳಗೆ ಪ್ರತಿ ಕಂಪನಿಗೂ 10000 ಥರದ ನಂಬರಿನ ಫೋಲ್ಡರ್ ಬರುತ್ತದೆ. ಕಸ ಅಂತ ಅಳಿಸಬೇಡಿ, ನಿಮ್ಮ ಇಡೀ ವ್ಯಾಪಾರ ಅದರಲ್ಲೇ ಇರುವುದು.

ವರ್ಷನ್ ಬದಲಾದ ಮಾತ್ರಕ್ಕೆ ಲೆಕ್ಕ ಹೋಗುವುದಿಲ್ಲ. ಆದರೆ 3.0 ಬಂದಾಗ ಆದ ಹಾಗೆ, ಕೆಲವು ಸಲ ಹಳೇ ಡೇಟಾವನ್ನು ಹೊಸ ರೂಪಕ್ಕೆ ತರಬೇಕಾಗುತ್ತದೆ. ಒಮ್ಮೆ ತಂದ ಮೇಲೆ ಅದು ಹಳೇ ವರ್ಷನ್‌ನಲ್ಲಿ ತೆರೆಯುವುದಿಲ್ಲ. ಅದಕ್ಕೇ ಮೊದಲು `Alt+Y` ಒತ್ತಿ, Backup ಆರಿಸಿ, ಪೆನ್‌ಡ್ರೈವಿಗೆ ತೆಗೆದಿಡಿ. D ಡ್ರೈವಿನಲ್ಲೇ ಇಟ್ಟರೆ ಸಾಲದು, ಜಾಸ್ತಿ ಅಂಗಡಿಗಳಲ್ಲಿ C, D ಎರಡೂ ಒಂದೇ ಡಿಸ್ಕ್ ಅಲ್ವಾ?

ಟ್ರಯಲ್ ಬ್ಯಾಲೆನ್ಸ್ ಕೂಡ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಅಪ್‌ಗ್ರೇಡ್ ಆದ ಮೇಲೆ ಬರುವ ಟ್ರಯಲ್ ಬ್ಯಾಲೆನ್ಸನ್ನು ಈ ಪ್ರಿಂಟ್ ಜೊತೆ ತಾಳೆ ನೋಡಿ. ವ್ಯತ್ಯಾಸ ಬಂದರೆ ಹೊಸ ಬಿಲ್ ಹಾಕಬೇಡಿ. ಬ್ಯಾಕಪ್ಪನ್ನು ಬೇರೆ ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ ನೋಡಿ. ಈಗಿನ ಡೇಟಾ ಫೋಲ್ಡರನ್ನೇ ಕೊಟ್ಟರೆ ಈಗಿರುವುದರ ಮೇಲೇ ಬರೆದುಬಿಡುತ್ತದೆ.