ಮಾಸ್ಕ್ ಕೊಟ್ಟರೆ ಸಾಕೇ? ಕಲ್ಲು ಕತ್ತರಿಸುವ ಶೆಡ್‌ನ ದೂಳು ಮತ್ತು ಸದ್ದು

ಪ್ರಶ್ನೆ: ಬೈಕಂಪಾಡಿ ಹತ್ತಿರ ಒಂದು ಗ್ರಾನೈಟ್ ಕಟಿಂಗ್ ಶೆಡ್‌ನಲ್ಲಿ ಏಳು ವರ್ಷದಿಂದ ಕೆಲಸ ಮಾಡ್ತಾ ಇದ್ದೇನೆ. ಈಗ ಕಿಚನ್ ಟಾಪ್‌ಗೆ ಕ್ವಾರ್ಟ್ಜ್ ಸ್ಲ್ಯಾಬ್ ಜಾಸ್ತಿ ಬರ್ತಾ ಉಂಟು. ಧಣಿಗಳು ಎಲ್ಲರಿಗೂ ಮಾಸ್ಕ್ ಕೊಟ್ಟಿದ್ದಾರೆ. ಕಿವಿಗೆ ನಾವೇ ಹತ್ತಿ ಇಟ್ಟುಕೊಳ್ತೇವೆ. ಆದರೂ ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಂಯ್ ಅಂತ ಕೇಳ್ತದೆ. ಕಳೆದ ತಿಂಗಳು ಎಕ್ಸ್‌ರೇ ತೆಗೆಸಿದೆ, ಕ್ಲಿಯರ್ ಅಂದ್ರು. ಇಷ್ಟು ಜಾಗ್ರತೆ ಸಾಕಾ ಸರ್?

ಉತ್ತರ: ಸಾಲದು. ನೀವು ಹೇಳಿದ ಮಾಸ್ಕ್, ಹತ್ತಿ ಎರಡೂ ಕೊನೆಯಲ್ಲಿ ಬರಬೇಕಾದವು. ಅದಕ್ಕಿಂತ ಮೊದಲು ಶೆಡ್‌ನಲ್ಲಿ ಆಗಬೇಕಾದ ಕೆಲಸ ಬಹಳ ಉಂಟು, ಅದರಲ್ಲಿ ಹೆಚ್ಚಿನದು ನಿಮ್ಮ ಧಣಿಗಳ ಪಾಲಿನದು.

ಮೊದಲು ಆ ಕ್ವಾರ್ಟ್ಜ್ ಸ್ಲ್ಯಾಬಿನ ವಿಷಯ. ಕಾರ್ಕಳದ ಕಡೆಯಿಂದ ಬರುವಂಥ ಗ್ರಾನೈಟಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸ್ಫಟಿಕ ಸಿಲಿಕಾ ಎಂಬ ಖನಿಜ ಸಾಮಾನ್ಯವಾಗಿ ಶೇ 20ರಿಂದ 40ರಷ್ಟು ಇರುತ್ತದೆ. ನೀವು ಕ್ವಾರ್ಟ್ಜ್ ಅನ್ನುವ ಸ್ಲ್ಯಾಬು ಗಣಿಯಿಂದ ಹಾಗೇ ಎದ್ದುಬಂದ ಕಲ್ಲಲ್ಲ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಅಚ್ಚು ಹಾಕಿದ್ದು. ಅದರಲ್ಲಿ ಸಿಲಿಕಾ ಶೇ 90 ದಾಟುವುದುಂಟು. ಅಂದರೆ ಅದೇ ಗ್ರೈಂಡರು, ಅದೇ ಕೈ, ಅಷ್ಟೇ ಹೊತ್ತಿನ ಕೆಲಸಕ್ಕೆ ಎರಡರಿಂದ ನಾಲ್ಕು ಪಟ್ಟು ಸಿಲಿಕಾ ನಿಮ್ಮ ಮೂಗಿನ ಮುಂದೆ ಬರುತ್ತದೆ. ಗ್ರಾನೈಟ್ ಕೆಲಸದಲ್ಲಿ ಸಿಲಿಕೋಸಿಸ್, ಅಂದರೆ ಈ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತಕ್ಕಿಂತ ಹೆಚ್ಚು ವರ್ಷ ಬೇಕು. ಈ ಸ್ಲ್ಯಾಬನ್ನು ಒಣದಾಗಿ ಕತ್ತರಿಸಿದ ಹುಡುಗರಿಗೆ ಐದು ಹತ್ತು ವರ್ಷದೊಳಗೇ, ಕೆಲವರಿಗೆ ಅದಕ್ಕೂ ಬೇಗ ಬಂದದ್ದನ್ನು ಹಲವು ದೇಶಗಳ ವೈದ್ಯರು ದಾಖಲಿಸಿದ್ದಾರೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕೃತಕ ಸ್ಲ್ಯಾಬನ್ನೇ ನಿಷೇಧಿಸಿತು.

ಕಣ್ಣಿಗೆ ಕಾಣುವ ಬಿಳಿ ದೂಳು ಮೂಗು, ಗಂಟಲಲ್ಲೇ ನಿಂತು ಕಫದಲ್ಲಿ ಹೋಗುತ್ತದೆ. ಹಾನಿ ಮಾಡುವುದು ಕಣ್ಣಿಗೆ ಕಾಣದ, ಹೆಚ್ಚಾಗಿ 4 ಮೈಕ್ರಾನ್‌ಗಿಂತ ಸಣ್ಣ ಕಣ. ಅದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತದೆ. ಅದನ್ನು ನುಂಗಲು ಬರುವ ರಕ್ಷಕ ಜೀವಕೋಶ ತಾನೇ ಸಾಯುತ್ತದೆ, ಕಣ ಹಾಗೇ ಉಳಿಯುತ್ತದೆ, ಇನ್ನೊಂದು ಜೀವಕೋಶ ಬರುತ್ತದೆ. ಹೀಗೆ ಸುತ್ತಲೂ ಗಾಯದ ಗಂಟು ಕಟ್ಟುತ್ತಾ ಹೋಗುತ್ತದೆ. ಆಗತಾನೇ ಒಡೆದ ಕಲ್ಲಿನ ಕಣ ಹಳೆಯ ದೂಳಿಗಿಂತ ಹೆಚ್ಚು ಅಪಾಯಕಾರಿ. ಗಂಟು ಕಟ್ಟಿದ ಭಾಗ ಮತ್ತೆ ಮೊದಲಿನ ಹಾಗಾಗುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಮುಂದುವರಿಯಬಹುದು.

ಇನ್ನು ಮಾಸ್ಕಿನ ಲೆಕ್ಕ. ದಿನಕ್ಕೆ ಎರಡು ಗಂಟೆ ನೀವು ಒಣ ಗ್ರೈಂಡಿಂಗ್ ಮಾಡುತ್ತೀರಿ, ಆ ಹೊತ್ತಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 2 ಮಿಲಿಗ್ರಾಂ ಸೂಕ್ಷ್ಮ ಸಿಲಿಕಾ ಇದೆ ಎಂದಿಟ್ಟುಕೊಳ್ಳೋಣ. ಬಾಗಿಲು ಹಾಕಿದ ಶೆಡ್‌ನಲ್ಲಿ ಇದು ಅತಿಶಯವೇನಲ್ಲ. ಎಂಟು ಗಂಟೆಗೆ ಹಂಚಿದರೆ ಸರಾಸರಿ 0.5 ಮಿಲಿಗ್ರಾಂ ಬರುತ್ತದೆ. ಅಮೆರಿಕದ ಮಿತಿ 0.05. ಅಂದರೆ ನೀವು ಹತ್ತು ಪಟ್ಟು ಮೇಲೆ ಇದ್ದೀರಿ. ಮುಖಕ್ಕೆ ಸರಿಯಾಗಿ ಕೂತ ಎನ್‌95 ಮಾಸ್ಕ್ ನಂಬಿಕೊಳ್ಳಬಹುದಾದಷ್ಟು ಕಡಿಮೆ ಮಾಡುವುದು ಹತ್ತು ಪಟ್ಟು ಮಾತ್ರ. ಎಲ್ಲವೂ ಸರಿ ನಡೆದರೆ ಮಿತಿಯ ಅಂಚಿಗೆ ಬಂದು ನಿಲ್ಲುತ್ತೀರಿ, ಅಷ್ಟೆ. ಎರಡು ದಿನದ ಗಡ್ಡ ಇದ್ದರೂ ಅಂಚಿನಲ್ಲಿ ಗಾಳಿ ಸೋರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿಗೆ ಮಾಸ್ಕ್ ಒದ್ದೆಯಾಗಿ ಉಸಿರು ಕಟ್ಟಿದಂತಾಗುತ್ತದೆ, ಕೈ ತಾನಾಗಿ ಅದನ್ನು ಗಲ್ಲಕ್ಕೆ ಇಳಿಸುತ್ತದೆ. ಅದು ನಿಮ್ಮ ತಪ್ಪಲ್ಲ. ಬಟ್ಟೆಯ ಮಾಸ್ಕೋ ಮೂರು ಪದರದ ಆಸ್ಪತ್ರೆ ಮಾಸ್ಕೋ ಕೊಟ್ಟಿದ್ದರೆ ಈ ಲೆಕ್ಕವೂ ಇಲ್ಲ, ಅವು ಈ ಕೆಲಸಕ್ಕೆ ಆಗುವುದಿಲ್ಲ.

ಅದಕ್ಕೇ ಕಾರ್ಖಾನೆ ಸುರಕ್ಷತೆಯಲ್ಲಿ ಒಂದು ಕ್ರಮ ಉಂಟು: ಅಪಾಯದ ಕೆಲಸವನ್ನೇ ತೆಗೆದುಹಾಕುವುದು, ಅದಾಗದಿದ್ದರೆ ವಸ್ತು ಬದಲಿಸುವುದು, ಆಮೇಲೆ ಯಂತ್ರದ ಮಟ್ಟದಲ್ಲಿ ತಡೆಯುವುದು, ಆಮೇಲೆ ಕೆಲಸದ ರೀತಿ ಬದಲಿಸುವುದು, ಕೊನೆಗೆ ಮಾಸ್ಕ್, ಇಯರ್ ಪ್ಲಗ್. ಮೇಲಿನ ಮೆಟ್ಟಿಲುಗಳು ಕೆಲಸಗಾರ ಮರೆತರೂ, ದಣಿದರೂ ಕೆಲಸ ಮಾಡುತ್ತವೆ. ಕೊನೆಯದು ಹಾಗಲ್ಲ.

ನಿಮ್ಮ ಕೆಲಸದಲ್ಲಿ ಒಂದು ಉದಾಹರಣೆ ತೆಗೆದುಕೊಳ್ಳೋಣ: ಸಿಂಕಿನ ತೂತು. ಎಷ್ಟೋ ಕಡೆ ಸ್ಲ್ಯಾಬನ್ನು ಮನೆಗೆ ಒಯ್ದು, ಅಲ್ಲೇ ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು ಸಿಂಕ್ ಮತ್ತು ಸ್ಟೌಗೆ ಒಣ ಗ್ರೈಂಡರಿನಿಂದ ಕೊರೆಯುತ್ತಾರೆ. ಇಡೀ ದಿನದಲ್ಲಿ ಅತಿ ಹೆಚ್ಚು ಸಿಲಿಕಾ ಒಳಹೋಗುವುದು ಆ ಅರ್ಧ ಗಂಟೆಯಲ್ಲಿ. ಮೊದಲೇ ಮನೆಗೆ ಹೋಗಿ ರಟ್ಟಿನ ಅಥವಾ ಪ್ಲೈವುಡ್ಡಿನ ಅಳತೆಯ ಮಾದರಿ ಮಾಡಿಕೊಂಡು ಬಂದು, ಸಿಂಕನ್ನೇ ಶೆಡ್‌ಗೆ ತರಿಸಿ, ತೂತನ್ನು ಇಲ್ಲೇ ನೀರಿನ ಬ್ರಿಜ್ ಕಟರಿನಲ್ಲಿ ಕೊರೆದು ಒಯ್ದರೆ ಆ ಒಣ ಕೆಲಸವೇ ಇಲ್ಲವಾಗುತ್ತದೆ. ಖರ್ಚು ಒಂದು ಸಲ ಹೆಚ್ಚು ಹೋಗಿಬರುವುದು. ಇದೇ ಮೊದಲ ಮೆಟ್ಟಿಲು. ಎರಡನೆಯದು ಗಿರಾಕಿಯ ಹತ್ತಿರ ಮಾತಾಡುವುದು: ಮಾರ್ಬಲ್‌ನಲ್ಲಿ ಸಿಲಿಕಾ ಬಹಳ ಕಡಿಮೆ, ಗ್ರಾನೈಟ್‌ನಲ್ಲೂ ಆ ಸ್ಲ್ಯಾಬಿಗಿಂತ ಕಡಿಮೆ. ಸ್ಲ್ಯಾಬ್ ಮಾರುವವರಿಂದ ಸಿಲಿಕಾ ಶೇಕಡಾವಾರು ಬರೆದ ಸುರಕ್ಷತಾ ಹಾಳೆಯನ್ನು ಧಣಿಗಳು ಕೇಳಿ ಪಡೆಯಬೇಕು.

ಶೆಡ್ ಒಳಗಿನ ಕೈ ಗ್ರೈಂಡರಿಗೆ ನೀರು ಬೇಕೇ ಬೇಕು. ಬಾಟಲಿಯಿಂದ ಆಗಾಗ ಚಿಮುಕಿಸಿದರೆ ಪ್ರಯೋಜನ ಇಲ್ಲ. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ, ನಿಮಿಷಕ್ಕೆ ಸುಮಾರು ಅರ್ಧ ಲೀಟರ್, ಬಿಡದೆ ಬೀಳಬೇಕು. ಆದರೆ ಸಾಮಾನ್ಯ ಕರೆಂಟಿನ ಗ್ರೈಂಡರಿಗೆ ನೀರು ಬಿಡಬೇಡಿ, ಶಾಕ್ ಹೊಡೆದು ಜೀವ ಹೋಗಬಹುದು. ಇದಕ್ಕೆ ಕಂಪ್ರೆಸರಿನ ಗಾಳಿಯಿಂದ ತಿರುಗುವ, ನೀರಿನ ಪೈಪು ಇರುವ ಪಾಲಿಷರ್‌ಗಳು ಸಿಗುತ್ತವೆ. ಕರೆಂಟಿನದೇ ಆದರೆ ನೀರಿನ ಕೆಲಸಕ್ಕೆಂದೇ ಮಾಡಿದ ಗ್ರೈಂಡರ್ ಬೇಕು, ಜತೆಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು. ಕ್ವಾರ್ಟ್ಜ್ ಸ್ಲ್ಯಾಬಿಗೆ ನೀರೊಂದೇ ಸಾಕಾಗುವುದಿಲ್ಲ, ದೂಳು ಸೆಳೆಯುವ ಪೈಪೂ ಬೇಕು. ಅಲ್ಲಿ ಎಲ್ಲರೂ ಎಡವುವುದು ದೂರದಲ್ಲಿ. ಪೈಪಿನ ಬಾಯಿಂದ ಅದರ ವ್ಯಾಸದಷ್ಟು ದೂರ ಹೋದರೆ ಸೆಳೆತ ಹತ್ತರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಆರು ಇಂಚಿನ ಪೈಪಾದರೆ ಆರಿಂಚಿನ ಒಳಗೇ ಕಲ್ಲು ಇರಬೇಕು. ಗೋಡೆಗೆ ಹಾಕಿದ ಎಕ್ಸಾಸ್ಟ್ ಫ್ಯಾನ್ ಈ ಕೆಲಸ ಮಾಡುವುದಿಲ್ಲ. ಸೆಕೆಗೆಂದು ಇಟ್ಟ ನಿಲುವಿನ ಫ್ಯಾನ್ ಇನ್ನೂ ಕೆಟ್ಟದು, ಒಬ್ಬನ ದೂಳನ್ನು ಎಲ್ಲರಿಗೂ ಹಂಚುತ್ತದೆ. ಮಳೆಗಾಲದಲ್ಲಿ ಸುತ್ತಲೂ ಟಾರ್ಪಾಲು ಇಳಿಸಿದ ಮೇಲಂತೂ ದೂಳಿಗೆ ಹೊರಹೋಗಲು ದಾರಿಯೇ ಇಲ್ಲ.

ನೆಲಕ್ಕೆ ಬಿದ್ದ ಕೆಸರು ಒಣಗಿದರೆ ಮತ್ತೆ ಅದೇ ದೂಳು. ಒದ್ದೆ ಇರುವಾಗಲೇ ತೊಳೆದು ತೆಗೆಯಿರಿ, ಒಣ ಹಿಡಿಸೂಡಿ ಮುಟ್ಟಬೇಡಿ. ಸಂಜೆ ಕಂಪ್ರೆಸರ್ ಪೈಪಿನಿಂದ ಬಟ್ಟೆಗೆ ಗಾಳಿ ಹೊಡೆದುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಆ ಬಟ್ಟೆಯಲ್ಲಿ ಮನೆಗೂ ಹೋಗಬೇಡಿ.

ದೂಳು ತಹಬಂದಿಗೆ ಬಂತೇ ಎಂದು ನೋಡಲು ಒಂದು ಉಪಾಯ ಉಂಟು. ಸಂಜೆ ದೀಪ ಆರಿಸಿ, ಕೆಲಸದ ಜಾಗದ ಆಚೆಯಿಂದ ಒಂದು ಪ್ರಖರ ಟಾರ್ಚನ್ನು ನಿಮ್ಮ ಕಡೆಗೆ ಹಿಡಿಸಿ, ಬಲ್ಬು ನೇರ ಕಣ್ಣಿಗೆ ಬೀಳದ ಹಾಗೆ ರಟ್ಟು ಅಡ್ಡ ಇಟ್ಟು ನೋಡಿ. ಬರಿಗಣ್ಣಿಗೆ ಶುಭ್ರವಾಗಿದ್ದ ಗಾಳಿಯಲ್ಲಿ ಮೋಡದಂತೆ ದೂಳು ಯಾವ ಕಡೆ ಸಾಗುತ್ತದೆ ಎಂಬುದು ಕಾಣುತ್ತದೆ. ನೀರಿನ ತುಂತುರೂ ಹಾಗೇ ಹೊಳೆಯುವುದರಿಂದ ನೀರು ಬಿಟ್ಟ ಕೆಲಸಕ್ಕೆ ಈ ಪರೀಕ್ಷೆ ಮೋಸ ಮಾಡುತ್ತದೆ. ಪ್ರಮಾಣ ಎಷ್ಟು ಎಂದು ತಿಳಿಯಲು ಕೆಲಸಗಾರನ ಅಂಗಿಯ ಕಾಲರಿಗೆ ಸಣ್ಣ ಪಂಪಿನ ಫಿಲ್ಟರ್ ಸಿಕ್ಕಿಸಿ ಇಡೀ ಪಾಳಿ ಅಳೆದು ಪ್ರಯೋಗಾಲಯಕ್ಕೆ ಕಳಿಸಬೇಕು.

ಕಿವಿಯ ಗುಂಯ್ ಸದ್ದು ಒಳಕಿವಿಯ ಸೂಕ್ಷ್ಮ ಕೂದಲಕೋಶಗಳಿಗೆ ಪೆಟ್ಟು ಬೀಳುತ್ತಿರುವ ಗುರುತು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಕಲ್ಲಿನ ಮೇಲಿನ ಗ್ರೈಂಡರ್ ಕಿವಿಯ ಹತ್ತಿರ 100 ಡೆಸಿಬೆಲ್ ಮುಟ್ಟುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳು 90 ಡೆಸಿಬೆಲ್‌ಗೆ ಎಂಟು ಗಂಟೆ, 100ಕ್ಕೆ ಎರಡು ಗಂಟೆ ಬಿಡುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. 85ಕ್ಕೆ ಎಂಟು ಗಂಟೆ, ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧ ಎಂಬ ಲೆಕ್ಕವೇ ಕಿವಿಗೆ ಕ್ಷೇಮ, ಅದರಂತೆ 100ಕ್ಕೆ ಹದಿನೈದೇ ನಿಮಿಷ. ಇಲ್ಲೂ ಮೊದಲು ಯಂತ್ರ. ನಡುವೆ ತಾಮ್ರದ ಪದರವಿರುವ, ಸದ್ದು ಕಡಿಮೆ ಮಾಡುವ ಡೈಮಂಡ್ ಬ್ಲೇಡು ಸಿಗುತ್ತದೆ. ಅದರಿಂದ 6 ಡೆಸಿಬೆಲ್ ಇಳಿದರೂ ಹದಿನೈದು ನಿಮಿಷ ಒಂದು ಗಂಟೆಯಾಗುತ್ತದೆ. ಸ್ಲ್ಯಾಬಿನ ಕೆಳಗೆ ರಬ್ಬರ್ ಹಾಸಿ ಬಿಗಿಯಾಗಿ ಹಿಡಿದರೆ ಅದು ಗಂಟೆಯ ಹಾಗೆ ನಾದ ಹೊರಡಿಸುವುದೂ ನಿಲ್ಲುತ್ತದೆ.

ಹತ್ತಿ ಬಿಟ್ಟುಬಿಡಿ, ಅದು ತಡೆಯುವುದು ಏನೇನೂ ಅಲ್ಲ. ಸ್ಪಂಜಿನ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಪ್ಯಾಕೆಟ್ಟಿನಲ್ಲಿ 29 ಡೆಸಿಬೆಲ್ ತಡೆಯುತ್ತದೆ ಎಂದಿದ್ದರೆ ಕೆಲಸದಲ್ಲಿ ಸಿಗುವುದು 11ರಷ್ಟು ಎಂದೇ ಲೆಕ್ಕ ಹಾಕಿ. ಎಂಟು ಗಂಟೆಯಲ್ಲಿ ಅರ್ಧ ಗಂಟೆ ಪ್ಲಗ್ ಕಿವಿಯಿಂದ ತೆಗೆದಿಟ್ಟರೆ ಎಷ್ಟೇ ಒಳ್ಳೆಯ ಪ್ಲಗ್ಗಿನ ರಕ್ಷಣೆಯೂ 12 ಡೆಸಿಬೆಲ್ ದಾಟುವುದಿಲ್ಲ.

ಎಕ್ಸ್‌ರೇ ಕ್ಲಿಯರ್ ಬಂದದ್ದು ಸಂತೋಷ, ಆದರೆ ಸಿಲಿಕೋಸಿಸ್‌ನ ಮೊದಲ ಹಂತ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಕ್ವಾರ್ಟ್ಜ್ ಕತ್ತರಿಸಿದವರಿಗೆ ಎಚ್‌ಆರ್‌ಸಿಟಿ ಎಂಬ ಎದೆಯ ಸ್ಕ್ಯಾನ್ ಹೆಚ್ಚು ಸೂಕ್ಷ್ಮ. ಜತೆಗೆ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಮಾಡಿಸಿ, ವರ್ಷಕ್ಕೊಮ್ಮೆ ಹೋಲಿಸಿ ನೋಡಲು ಆ ಚೀಟಿಗಳನ್ನು ಜೋಪಾನವಾಗಿಡಿ. ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಮಾಡಿಸುವಾಗ ಹಿಂದಿನ ದಿನದಿಂದ ಸದ್ದಿನ ಕೆಲಸಕ್ಕೆ ಹೋಗಬೇಡಿ. 4000 ಹರ್ಟ್ಜ್ ಸುತ್ತ ಗೆರೆ ಕುಸಿದಿದ್ದರೆ ಅದು ಶಬ್ದದಿಂದಾದ ಹಾನಿಯ ಗುರುತು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಿ, ಏಕೆಂದರೆ ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಬಹಳ ಸುಲಭವಾಗಿ ತಗಲುತ್ತದೆ. ತದ್ವಿರುದ್ಧವೂ ಆಗುತ್ತದೆ: ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಎಂದೇ ವರ್ಷಗಟ್ಟಲೆ ಮಾತ್ರೆ ಕೊಡುತ್ತಾರೆ. ಆದ್ದರಿಂದ ಯಾವ ವೈದ್ಯರಲ್ಲಿ ಹೋದರೂ "ಏಳು ವರ್ಷದಿಂದ ಕಲ್ಲು ಕತ್ತರಿಸುತ್ತೇನೆ, ಕ್ವಾರ್ಟ್ಜ್ ಕೂಡ" ಎಂದು ಮೊದಲೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಲಿಕೋಸಿಸ್ ಮತ್ತು ಶಬ್ದದಿಂದ ಬರುವ ಕಿವುಡು ಎರಡೂ ಕಾನೂನಿನ ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆಗಳು. ನಿಮಗೆ ಇಎಸ್‌ಐ ಇದ್ದರೆ ಪರಿಹಾರದ ಹಕ್ಕು ನಿಲ್ಲುವುದು ಆ ಬರಹದ ಮೇಲೆ.